ಯೋಚಿಸುತ್ತಿದ್ದೀರೋ, ಕೊರಗುತ್ತಿದ್ದೀರೋ?

"ನಾನು ಕೊರಗ್ತಾ ಇಲ್ಲ ಮೇಡಂ, ವಿಷಯದ ಬುಡಕ್ಕೆ ಹೋಗ್ತಾ ಇದ್ದೀನಿ." ಆಪ್ತಸಮಾಲೋಚನೆಗೆ ಬರುವವರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತಿದು. ಹೀಗೆ ಹೇಳುವವರು ಹೆಚ್ಚಾಗಿ ಬುದ್ಧಿವಂತರು. ತಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವರಲ್ಲ. ಅದಕ್ಕೇ ನನಗೆ ಸಂಕಟವಾಗುವುದು. ಇಂಥ ಒಳ್ಳೆಯ ಮನುಷ್ಯರು ತಿಂಗಳುಗಟ್ಟಲೆ ನಿದ್ದೆಗೆಟ್ಟು ಒಂದೇ ಕಡೆ ಸುತ್ತುತ್ತಿರುತ್ತಾರೆ, ಅದನ್ನೇ ಆತ್ಮಾವಲೋಕನ ಎಂದು ನಂಬಿರುತ್ತಾರೆ. ಮನೆಯವರು "ಬಿಟ್ಟಾಕು, ಜಾಸ್ತಿ ಯೋಚನೆ ಮಾಡ್ಬೇಡ" ಅಂದರೆ ಸಿಟ್ಟು ಬರುತ್ತದೆ. ಬರದೆ ಇನ್ನೇನು? ತಪ್ಪಿನಿಂದ ಏನೂ ಕಲಿಯಬೇಡ ಅಂದ ಹಾಗೆ ಕೇಳಿಸುತ್ತದೆ ಅಲ್ವಾ.

ಹಾಗಾಗಿ ಯೋಚನೆ ಕಡಿಮೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೀವು ಮಾಡುತ್ತಿರುವುದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳೋಣ ಅನ್ನುತ್ತೇನೆ. ತೊಡಕು ಶುರುವಾಗುವುದೇ ಇಲ್ಲಿ. ಯೋಚಿಸುವ ವಿಷಯ ದೊಡ್ಡದಾಗಿದ್ದರೆ ಅದು ಅವಲೋಕನ ಎಂದು ಕೆಲವರು ತಿಳಿದಿರುತ್ತಾರೆ. ಇನ್ನು ಕೆಲವರಿಗೆ ನೋವೇ ಪ್ರಮಾಣ. ಇಷ್ಟು ಚುಚ್ಚುತ್ತಿದೆ ಎಂದ ಮೇಲೆ ನಾನು ಸತ್ಯದ ಹತ್ತಿರವೇ ಇರಬೇಕು ಎಂಬ ಲೆಕ್ಕ. ಎರಡೂ ತಪ್ಪು. ಸಣ್ಣ ವಿಷಯವನ್ನೂ ಚೆನ್ನಾಗಿ ಅವಲೋಕಿಸಬಹುದು, ಸಾವಿನಂಥ ದೊಡ್ಡ ವಿಷಯದಲ್ಲೂ ಬರೀ ಕೊರಗುತ್ತಾ ಕೂರಬಹುದು. ನೋವಂತೂ ಎರಡರಲ್ಲೂ ಇರುತ್ತದೆ.

ನೋವಿನ ಮಾತು ಬಂತು, ಒಂದು ಸಂಶೋಧನೆ ಹೇಳಿಬಿಡುತ್ತೇನೆ. ರುಮಿನೇಷನ್ ಎಂದು ಮನಶ್ಶಾಸ್ತ್ರದಲ್ಲಿ ಕರೆಯುವ ಈ ಕೊರಗಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು ಅಮೆರಿಕದ ಸೂಸನ್ ನೋಲೆನ್-ಹೋಕ್ಸೆಮಾ. ಬೇಸರವಾದಾಗ ಜನ ಏನು ಯೋಚಿಸುತ್ತಾರೆ ಎಂದು ಕೇಳುವ ಒಂದು ಪ್ರಶ್ನಾವಳಿ ಅವರದು. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಅದಕ್ಕೆ ಸ್ವಲ್ಪ ಮೊದಲು ವಿದ್ಯಾರ್ಥಿಗಳಿಂದ ಅದನ್ನು ತುಂಬಿಸಿಕೊಂಡಿದ್ದರು. ಮೊದಲೇ ಕೊರಗುವ ಸ್ವಭಾವವಿದ್ದವರಲ್ಲಿ ಭೂಕಂಪದ ನಂತರ ಖಿನ್ನತೆಯ ಲಕ್ಷಣಗಳು ಜಾಸ್ತಿ ಕಂಡವು, 7 ವಾರ ಕಳೆದ ಮೇಲೂ. ಆಮೇಲೆ 2003ರಲ್ಲಿ ಅವರೂ ಸಹೋದ್ಯೋಗಿಗಳೂ ಅದೇ ಪ್ರಶ್ನಾವಳಿಯನ್ನು ಬಿಡಿಸಿ ನೋಡಿದಾಗ ಅದರೊಳಗೆ ಎರಡು ಬೇರೆ ಬೇರೆ ಅಭ್ಯಾಸಗಳು ಸಿಕ್ಕವು. ಒಂದು ಕೊರಗು, ಇನ್ನೊಂದು ಅವಲೋಕನ. ಆ ಹೊತ್ತಿಗೆ ನೋಡಿದರೆ ಎರಡರ ಜೊತೆಗೂ ಬೇಸರ ಇತ್ತು. ಕಾಲ ಕಳೆದ ಮೇಲೆ ನೋಡಿದರೆ ಅವಲೋಕನ ಮಾಡುತ್ತಿದ್ದವರಲ್ಲಿ ಖಿನ್ನತೆ ಕಡಿಮೆ, ಕೊರಗುತ್ತಿದ್ದವರಲ್ಲಿ ಜಾಸ್ತಿ. ಆದ್ದರಿಂದ ಯೋಚಿಸುವ ಕ್ಷಣದಲ್ಲಿ ಹೇಗನಿಸುತ್ತಿದೆ ಎಂಬುದರಿಂದ ಯಾವುದು ಎಂದು ಹೇಳಲಾಗುವುದಿಲ್ಲ.

ಮತ್ತೆ ಹೇಗೆ ಹೇಳುವುದು? ಮನಸ್ಸಿನಲ್ಲಿ ಓಡುತ್ತಿರುವ ಪ್ರಶ್ನೆಯನ್ನು ಹಿಡಿದು ನೋಡಬೇಕು. ನಾನು ಮತ್ತೆ ಮತ್ತೆ ಹೇಳುವುದೂ ಇಷ್ಟೇ, ಜನ ಮತ್ತೆ ಮತ್ತೆ ಬಿಟ್ಟುಬಿಡುವುದೂ ಇದನ್ನೇ.

ಒಬ್ಬರ ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಮಹಿಳೆ. ಇವರು ತಯಾರಿಸಿದ ವರದಿಯಲ್ಲಿ ಒಂದು ಮೊತ್ತ ತಪ್ಪಾಗಿತ್ತು. ಮೀಟಿಂಗಿನಲ್ಲಿ ಎಲ್ಲರ ಎದುರು ಮೇಲಧಿಕಾರಿ "ಒಂದ್ಸಲ ನೋಡಿ ಕಳಿಸ್ಬಾರ್ದಿತ್ತಾ?" ಎಂದರು. ಅಷ್ಟೇ ಮಾತು. ಅವತ್ತಿನಿಂದ ಇವರಿಗೆ ಸರಿಯಾಗಿ ನಿದ್ದೆ ಇಲ್ಲ. ಎಲ್ಲೋ ಓದಿದ್ದರಂತೆ, ಬರೆದರೆ ಒಳ್ಳೆಯದು ಅಂತ. ದಿನಾ ರಾತ್ರಿ ಬರೆಯುತ್ತಿದ್ದರು. ಆ ನೋಟ್‌ಬುಕ್ಕನ್ನು ತಂದು, ನೋಡಿ ಎಷ್ಟು ಯೋಚಿಸಿದ್ದೀನಿ ಎನ್ನುವ ಹಾಗೆ ನನ್ನ ಮುಂದಿಟ್ಟರು.

ಮೊದಲ ಪುಟದಲ್ಲಿ "ನಾನ್ಯಾಕೆ ಯಾವಾಗಲೂ ಹೀಗೆ?" ಎಂದಿತ್ತು. ಅದರ ಕೆಳಗೆ "ಅವರೆಲ್ಲ ನನ್ನ ಬಗ್ಗೆ ಏನು ತಿಳಿದುಕೊಂಡಿರಬಹುದು", "ಇಷ್ಟು ಸಣ್ಣ ಕೆಲಸವನ್ನೂ ನೆಟ್ಟಗೆ ಮಾಡಲಾಗದವಳು ನಾನು". ನಡುವಿನ ಒಂದು ಪುಟ ತೆಗೆದೆ, ಪದಗಳು ಸ್ವಲ್ಪ ಬೇರೆ, ವಾಕ್ಯಗಳು ಅವೇ. ಕೊನೆಯ ಪುಟದಲ್ಲೂ ಹಾಗೇ. ನಾನು ಕೇಳಿದೆ, "ತಪ್ಪಾಗಿದ್ದು ಯಾವ ಮೊತ್ತ? ಈ ನೋಟ್‌ಬುಕ್ಕಲ್ಲಿ ಎಲ್ಲಿ ಬರೆದಿದ್ದೀರಿ, ತೋರಿಸಿ." ಅವರು ಹುಡುಕಿದರು. ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಅಷ್ಟೊಂದು ಪುಟಗಳಲ್ಲಿ ಆ ಮೊತ್ತ ಎಲ್ಲೂ ಇರಲಿಲ್ಲ. ವರದಿ ಕಳಿಸಿದ್ದು ಯಾವತ್ತು ಅಂತಲೂ ಇರಲಿಲ್ಲ. ನಡೆದ ಘಟನೆಯೇ ಅದರಲ್ಲಿ ಇರಲಿಲ್ಲ, ಇದ್ದಿದ್ದು ಆ ಘಟನೆಯಿಂದ ತಮ್ಮ ಬಗ್ಗೆ ತಾವೇ ಕೊಟ್ಟುಕೊಂಡ ತೀರ್ಪು ಮಾತ್ರ.

ಕೊರಗಿನ ಪ್ರಶ್ನೆ ಇರುವುದು ಹೀಗೇ. "ಯಾವಾಗಲೂ", "ಎಲ್ಲರೂ", "ನಾನು ಎಂಥವಳು" ಇಂಥ ಪದಗಳೇ ಅದರ ತುಂಬ. ಯಾವ ಉತ್ತರ ಬಂದರೂ ಸಾಲುವುದಿಲ್ಲ, ಏಕೆಂದರೆ ಉತ್ತರ ಸಿಕ್ಕಿತು ಎಂದು ತಿಳಿಯುವ ಬಗೆಯೇ ಆ ಪ್ರಶ್ನೆಗೆ ಇಲ್ಲ. ಅವಲೋಕನದ ಪ್ರಶ್ನೆಗೆ ದಿನ ಇರುತ್ತದೆ, ಜಾಗ ಇರುತ್ತದೆ, ಮೊದಲು ಏನಾಯಿತು ನಂತರ ಏನಾಯಿತು ಎಂಬ ಸರಣಿ ಇರುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ವಾಟ್ಕಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ಕೊರಗಿಗೆಂದೇ ಒಂದು ಚಿಕಿತ್ಸೆ ರೂಪಿಸಿದ್ದಾರೆ. ಅದರ ಮುಖ್ಯ ಕೆಲಸವೇ ಈ ಬದಲಾವಣೆ. "ನನಗೇ ಯಾಕೆ ಹೀಗೆ" ಎಂಬ ಗಾಳಿಯಲ್ಲಿ ತೇಲುವ ಪ್ರಶ್ನೆಯಿಂದ "ಇದು ಹೇಗೆ ನಡೆಯಿತು" ಎಂಬ ನೆಲದ ಪ್ರಶ್ನೆಗೆ ಇಳಿಸುವುದು.

ಹಾಗಂತ "ಯಾಕೆ" ಎಂಬ ಪದವೇ ಕೆಟ್ಟದ್ದಲ್ಲ. ಇದನ್ನು ಕೇಳಿದ ಮೇಲೆ ಕೆಲವರು ಆ ಪದವನ್ನೇ ಬಾಯಿಂದ ಬಿಟ್ಟುಬಿಡುತ್ತಾರೆ, ಸುಮ್ನೆ. "ಗುರುವಾರ ತಾಳೆ ನೋಡದೆ ಯಾಕೆ ಕಳಿಸಿದೆ?" ಎಂಬುದು ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಇದೆ. "ನಾನು ಹೇಗೆ ಇಷ್ಟು ದಡ್ಡಿಯಾದೆ?" ಎಂಬುದರಲ್ಲಿ "ಹೇಗೆ" ಇದ್ದರೂ ಅದು ಅಪ್ಪಟ ಕೊರಗು.

ಆ ಮಹಿಳೆಯ ಜೊತೆ ನಾವು ಮಾಡಿದ್ದು ಆ ಒಂದು ದಿನವನ್ನು ನಿಧಾನವಾಗಿ ಬಿಡಿಸಿ ನೋಡುವ ಕೆಲಸ. ವರದಿ ಕಳಿಸಿದ್ದು ಗುರುವಾರ ಸಂಜೆ. ಸೋಮವಾರ ಆಗಬೇಕಿದ್ದ ಮೀಟಿಂಗು ಅದಕ್ಕೂ ಮೊದಲಿನ ಶುಕ್ರವಾರಕ್ಕೇ ಬಂದಿತ್ತು. ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫೈಲ್‌ಗಳಿದ್ದವು, ಮೊತ್ತ ಬಂದಿದ್ದು ಹಳೆಯದರಿಂದ. "ಸಾಮಾನ್ಯವಾಗಿ ಕಳಿಸೋ ಮುಂಚೆ ಏನು ಮಾಡ್ತೀರಿ?" ಎಂದು ಕೇಳಿದೆ. ಮೂಲ ಪಟ್ಟಿ ಇಟ್ಟುಕೊಂಡು ಮೊತ್ತಗಳನ್ನು ತಾಳೆ ನೋಡುತ್ತಾರಂತೆ. ಅವತ್ತು? ನೋಡಲಿಲ್ಲ. ಯಾಕೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಅರ್ಧ ಗಂಟೆ ಜಾಸ್ತಿ ಟೈಮ್ ಕೊಡಿ ಅಂತ ಕೇಳ್ಬೇಕಿತ್ತು ಮೇಡಂ. ಕೇಳೋಕೆ ಮುಜುಗರ ಆಯ್ತು." ಹೇಳುತ್ತಾ ಅತ್ತರು. ಹಿಂದೆಯೂ ಎರಡು ಕಡೆ ಇದೇ ಮುಜುಗರದಿಂದ ಕೆಲಸ ಕೆಟ್ಟಿದ್ದು ಅವರಿಗೆ ತಾನಾಗಿ ನೆನಪಾಯಿತು.

ಇಲ್ಲಿ ಅಳು ಬಂತು, ಆದರೆ ಯೋಚನೆ ಒಂದು ಹೆಜ್ಜೆ ಮುಂದೆ ಹೋಯಿತು. ಅಷ್ಟೂ ಪುಟಗಳಲ್ಲಿ ಇಲ್ಲದ ಒಂದು ಸಂಗತಿ ಸಿಕ್ಕಿತು, ಸಮಯ ಒತ್ತಿದಾಗ ಇವರು ಕೇಳುವ ಬದಲು ತಾಳೆ ನೋಡುವುದನ್ನೇ ಬಿಡುತ್ತಾರೆ. ಇದಕ್ಕೆ ಏನು ಮಾಡಬಹುದು ಅಂತ ಯೋಚಿಸಬಹುದು. ಇವರು ಮಾಡಿದ್ದು ಎರಡೇ. ಹಳೆಯ ಫೈಲ್‌ಗಳನ್ನು ಬೇರೆ ಫೋಲ್ಡರಿಗೆ ಹಾಕಿದರು, ಮತ್ತು "ಸರ್, ತಾಳೆ ನೋಡೋಕೆ ಅರ್ಧ ಗಂಟೆ ಬೇಕು" ಎಂಬ ಒಂದೇ ವಾಕ್ಯವನ್ನು ನನ್ನೆದುರು ಹೇಳಿ ಹೇಳಿ ರೂಢಿ ಮಾಡಿಕೊಂಡರು. ಇನ್ನು "ಅವರೆಲ್ಲ ಏನು ತಿಳಿದುಕೊಂಡಿರಬಹುದು" ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಇರುವುದು ಅವರ ತಲೆಯೊಳಗೆ, ಇವರ ತಲೆಯಲ್ಲಲ್ಲ. ಒಂದೋ ಹೋಗಿ ಕೇಳಬೇಕು, ಇಲ್ಲ ಗೊತ್ತಿಲ್ಲದೆ ಇರುವುದನ್ನು ಒಪ್ಪಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಅದನ್ನು ಲೆಕ್ಕ ಹಾಕಿ ತೆಗೆಯಲು ಬರುವುದಿಲ್ಲ.

ಮನೆಯಲ್ಲೇ ಮಾಡಿ ನೋಡುವಂಥ ಒಂದು ಪರೀಕ್ಷೆ ಇದೆ, ಮೈಕೆಲ್ ಆಡಿಸ್ ಮತ್ತು ಕ್ರಿಸ್ಟೋಫರ್ ಮಾರ್ಟೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೊಟ್ಟಿದ್ದು. ಅದೇ ಯೋಚನೆಯಲ್ಲಿದ್ದೀನಿ ಎಂದು ಗೊತ್ತಾದಾಗ ಇನ್ನು 2 ನಿಮಿಷ ಬೇಕೆಂದೇ ಮುಂದುವರಿಸಿ. ಆಮೇಲೆ ಕೇಳಿಕೊಳ್ಳಿ. ಸಮಸ್ಯೆ ಬಗೆಹರಿಯುವ ಕಡೆ ಸ್ವಲ್ಪವಾದರೂ ಸರಿದೆನಾ? ಮೊದಲು ಗೊತ್ತಿರದ ಏನಾದರೂ ಗೊತ್ತಾಯಿತಾ? ನನ್ನನ್ನು ನಾನು ಬೈದುಕೊಳ್ಳುವುದು ಅಥವಾ ಬೇಸರ ಸ್ವಲ್ಪವಾದರೂ ತಗ್ಗಿತಾ? ಮೂರಕ್ಕೂ ಇಲ್ಲ ಎಂದಾದರೆ ಅದು ಬಹುಶಃ ಕೊರಗು. ಉತ್ತರವನ್ನು ಒಂದು ಸಾಲಿನಲ್ಲಿ ಬರೆದಿಡಿ ಎನ್ನುತ್ತೇನೆ ನಾನು. ಕೊರಗುವಾಗ ಏನೋ ಹೊಳೆಯುತ್ತಿದೆ ಎಂಬ ಭಾವನೆ ಗಟ್ಟಿಯಾಗಿಯೇ ಇರುತ್ತದೆ, ಬರೆಯಲು ಹೋದಾಗ ಮಾತ್ರ ನಿನ್ನೆಯ ಸಾಲೇ ಬರುತ್ತದೆ. ನಿನ್ನೆಯ ಸಾಲಿನ ಪಕ್ಕ ಇವತ್ತಿನದನ್ನು ಇಟ್ಟು ನೋಡಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಕೊರಗು ಎಂದು ಗೊತ್ತಾದ ಮೇಲೆ? ಯೋಚನೆಯನ್ನು ಬಲವಂತವಾಗಿ ತಡೆಯಲು ಹೋಗಬೇಡಿ, ತಡೆದಷ್ಟೂ ಬರುತ್ತದೆ. ಪ್ರಶ್ನೆಯನ್ನು ಬದಲಿಸಲು ಆದರೆ ಬದಲಿಸಿ. ಆ ಹೊತ್ತಿಗೆ ಆಗದಿದ್ದರೆ ಎದ್ದು ಕೈಗೆ ಒಂದು ಕೆಲಸ ಕೊಡಿ, ಬಟ್ಟೆ ಮಡಚುವುದಾದರೂ ಸರಿ. ಇದು ಸಮಸ್ಯೆಯಿಂದ ಓಡಿಹೋಗುವುದಲ್ಲವಾ ಎಂದು ಕೇಳುತ್ತಾರೆ. ಅಲ್ಲ. ಬೇಸರದಲ್ಲಿರುವವರನ್ನು ಕೊರಗಲು ಬಿಟ್ಟರೆ ಅವರಿಗೆ ಹೊಳೆಯುವ ಪರಿಹಾರಗಳು ಕಳಪೆಯಾಗಿರುತ್ತವೆ, ಸ್ವಲ್ಪ ಹೊತ್ತು ಗಮನ ಬೇರೆಡೆ ಹೋದವರು ಅದೇ ಸಮಸ್ಯೆಗೆ ಉತ್ತಮ ಪರಿಹಾರ ಕೊಡುತ್ತಾರೆ. ಪ್ರಯೋಗಗಳಲ್ಲಿ ಇದು ಕಂಡಿದೆ. ಬೆಳಿಗ್ಗೆ ಕೂತು ಯೋಚಿಸಿ, ಸಮಸ್ಯೆ ಎಲ್ಲಿಗೂ ಹೋಗಿರುವುದಿಲ್ಲ.

ಗೆಳತಿಗೆ ಫೋನ್ ಮಾಡಿ ಹೇಳಿಕೊಳ್ಳುವುದರ ಬಗ್ಗೆಯೂ ಒಂದು ಮಾತು. ಹೇಳಿಕೊಂಡರೆ ಹಗುರಾಗುತ್ತದೆ, ನಿಜ. ಆದರೆ ಇಬ್ಬರೂ ಸೇರಿ ಅದೇ ಘಟನೆಯನ್ನು ದಿನಾ ತಿರುವಿ ಹಾಕುತ್ತಿದ್ದರೆ ಅದು ಜೊತೆಯಾಗಿ ಕೊರಗುವುದೇ. ಸ್ನೇಹ ಗಟ್ಟಿಯಾಗಬಹುದು, ಬೇಸರವೂ ಗಟ್ಟಿಯಾಗುತ್ತದೆ. ಕೇಳುವ ಕಡೆ ನೀವಿದ್ದರೆ "ಅವತ್ತು ಮೊದಲು ಏನಾಯ್ತು ಹೇಳೇ, ಆಮೇಲೆ?" ಎಂದು ಕೇಳಿ. "ಅವರು ಹಾಗಂದ್ರಾ, ಎಂಥ ಜನ" ಎನ್ನುವುದಕ್ಕಿಂತ ಇದರಿಂದ ಹೆಚ್ಚು ಉಪಕಾರ.

ಇನ್ನು ಎಚ್ಚರಿಕೆಯ ಮಾತು. ಇತ್ತೀಚೆಗೆ ಹತ್ತಿರದವರನ್ನು ಕಳೆದುಕೊಂಡವರ ಮೇಲೆ ಈ ಪರೀಕ್ಷೆ ಹಾಕಬೇಡಿ, ಅವರ ನೆನಪುಗಳು ಮರಳಿ ಮರಳಿ ಬರುವುದು ಸಹಜ. ಭಯಾನಕ ಘಟನೆಯೊಂದು ಕಣ್ಣಮುಂದೆ ನುಗ್ಗಿ ಬರುತ್ತಿದ್ದರೆ ಅದು ಬೇರೆಯದೇ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಬೇಸರ, ನಿರಾಸಕ್ತಿ, ನಿದ್ದೆಗೇಡು 2 ವಾರದಿಂದ ಹೆಚ್ಚೂಕಡಿಮೆ ದಿನವಿಡೀ ಇದ್ದರೆ, ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ, ಈ ಅಂಕಣ ಇಟ್ಟುಕೊಂಡು ಕೂರಬೇಡಿ. ವೈದ್ಯರನ್ನು ನೋಡಿ.

ಮತ್ತೆ, ಇದನ್ನು ಓದಿದ ಕೆಲವರು "ನಾನೀಗ ಕೊರಗ್ತಾ ಇದ್ದೀನಾ, ಯೋಚಿಸ್ತಾ ಇದ್ದೀನಾ?" ಎಂದು ದಿನವಿಡೀ ತಮ್ಮನ್ನೇ ಕಾಯಲು ಶುರು ಮಾಡುತ್ತಾರೆ. ಅಂಥವರಿಗೆ ನಾನು ಹೇಳುವುದು, ಒಂದು ಯೋಚನೆಗೆ ದಿನಕ್ಕೆ ಒಂದು ಸಲ ಮಾತ್ರ ಕೇಳಿ. ಉತ್ತರ ಅನುಮಾನವಾಗಿದ್ದರೆ ಕೊರಗು ಎಂದೇ ಇಟ್ಟುಕೊಂಡು ಎದ್ದುಬಿಡಿ. ನಿಜಕ್ಕೂ ಅವಲೋಕನವೇ ಆಗಿದ್ದರೆ ನಾಳೆ ಬೆಳಿಗ್ಗೆ ಅದನ್ನು ಅಲ್ಲಿಂದಲೇ ಮುಂದುವರಿಸಬಹುದು.