ಚಪ್ಪೆಮೂಳೆ ಮುರಿತದ ನೋವಿಗೆ ಫ್ಯಾಸಿಯಾ ಇಲಿಯಾಕಾ ಬ್ಲಾಕ್: ಅಧ್ಯಯನ ಟಿಪ್ಪಣಿ

ಬಸವನ ಬಾಗೇವಾಡಿ ಕಡೆಯ 76 ವರ್ಷದ ವೃದ್ಧೆಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದು, ಬಲ ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡು ವಿಜಯಪುರದ ಆಸ್ಪತ್ರೆಯೊಂದಕ್ಕೆ ಬಂದಿದ್ದಾರೆ ಎಂದು ಭಾವಿಸೋಣ. ಅವರ ತೂಕ 45 ಕಿಲೊ, ಕ್ರಿಯಾಟಿನಿನ್ 1.8. ದಾರಿಯಲ್ಲಿ ಟ್ರಮಡಾಲ್ ಕೊಟ್ಟಿದ್ದರಿಂದ ಎರಡು ಸಲ ವಾಂತಿಯಾಗಿದೆ. ಸುಮ್ಮನೆ ಮಲಗಿದಾಗ ಅವರು ಶಾಂತವಾಗಿಯೇ ಇರುತ್ತಾರೆ. ಎಕ್ಸ್‌ರೇ ಮೇಜಿಗೆ ಎತ್ತಿದಾಗ ಮಾತ್ರ ಚೀರುತ್ತಾರೆ.

ಟ್ರಮಡಾಲ್, ಮಾರ್ಫಿನ್‌ಗಳಂಥ ಓಪಿಯಾಯ್ಡ್ ನೋವುನಿವಾರಕಗಳ ತೊಡಕು ಇಲ್ಲಿಯೇ ಇದೆ. ಅಲುಗಾಡಿದಾಗ ಬರುವ ನೋವನ್ನು ತಡೆಯುವಷ್ಟು ಔಷಧ ಕೊಟ್ಟರೆ, ಅಲುಗಾಟ ನಿಂತ ಮೇಲೆ ಅದೇ ಪ್ರಮಾಣ ಹೆಚ್ಚಾಗಿ ಮಂಪರು, ಉಸಿರಾಟದ ಕುಗ್ಗುವಿಕೆ ಮತ್ತು ಗೊಂದಲಕ್ಕೆ ದಾರಿಯಾಗುತ್ತದೆ. ಮಾರ್ಫಿನ್ ಮತ್ತು ಟ್ರಮಡಾಲ್‌ಗಳಿಂದ ದೇಹದಲ್ಲಿ ಹುಟ್ಟುವ ಸಕ್ರಿಯ ಅಂಶಗಳು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ, ಕ್ರಿಯಾಟಿನಿನ್ ಏರಿ ಮೂತ್ರಪಿಂಡ ಕುಗ್ಗಿರುವ ಈ ರೋಗಿಯಲ್ಲಿ ಅವು ಉಳಿದು ಶೇಖರವಾಗುತ್ತವೆ. ಇದರ ಬದಲು ನೋವು ಒಯ್ಯುವ ನರಗಳನ್ನೇ ಔಷಧದಿಂದ ಮರಗಟ್ಟಿಸುವುದು ಬ್ಲಾಕ್. ಅದನ್ನು ಮಾಡಿದವರಲ್ಲಿ ಅಲುಗಾಟದ ನೋವು 30 ನಿಮಿಷದೊಳಗೆ ತಗ್ಗುತ್ತದೆ ಮತ್ತು ತೀವ್ರ ಗೊಂದಲದ ಸಂಭವ ಕಡಿಮೆಯಾಗುತ್ತದೆ ಎಂದು 2020ರ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ಹಾಗೆಂದು ಓಪಿಯಾಯ್ಡ್ ಕೈಬಿಡಬೇಕೆಂದಲ್ಲ. ಅದರ ಅಗತ್ಯ ತಗ್ಗುತ್ತದೆ, ಅಷ್ಟೆ.

ಕೀಲಿನ ಕೋಶದ ಮುಂಭಾಗದಲ್ಲಿ ನೋವಿನ ತಂತುಗಳು ಹೆಚ್ಚು. ಅವು ಮುಖ್ಯವಾಗಿ ಫೆಮೊರಲ್ ಮತ್ತು ಆಬ್ಟ್ಯುರೇಟರ್ ನರಗಳಿಂದ ಬರುತ್ತವೆ. ಫೆಮೊರಲ್ ನರವೂ ತೊಡೆಯ ಹೊರಬದಿಯ ಚರ್ಮದ ನರವೂ ಇಲಿಯಾಕಸ್ ಸ್ನಾಯುವಿನ ಮೇಲೆ, ಫ್ಯಾಸಿಯಾ ಇಲಿಯಾಕಾ ಎಂಬ ಪದರದ ಕೆಳಗೆ ಹಾಯುತ್ತವೆ. ನರವನ್ನು ಹುಡುಕಿ ಚುಚ್ಚದೆ, ಆ ಪದರದ ಕೆಳಗೆ ಸಾಕಷ್ಟು ದ್ರವ ತುಂಬಿ ಅದು ತಾನೇ ಹರಡಲು ಬಿಡುವುದು ಈ ವಿಧಾನದ ತಿರುಳು. ಹೀಗಾಗಿ ಇಲ್ಲಿ ಔಷಧದ ಸಾಂದ್ರತೆಗಿಂತ ದ್ರವದ ಪ್ರಮಾಣ ಮುಖ್ಯ.

ಲೆಕ್ಕ ಹೀಗೆ: ಮರಗಟ್ಟಿಸುವ ಔಷಧವಾದ ಬ್ಯೂಪಿವಕೇನ್‌ನ ಮಿತಿ ಕಿಲೊಗೆ 2 ಮಿಲಿಗ್ರಾಂ, ಅಂದರೆ ಇವರಿಗೆ 90 ಮಿಲಿಗ್ರಾಂ. ಶೇ 0.5ರ ಬ್ಯೂಪಿವಕೇನ್ 15 ಮಿ.ಲೀ. ತೆಗೆದುಕೊಂಡು ಅಷ್ಟೇ ಸಲೈನ್ ಬೆರೆಸಿದರೆ ಶೇ 0.25ರ 30 ಮಿ.ಲೀ. ದ್ರಾವಣ ಸಿಗುತ್ತದೆ, ಅದರಲ್ಲಿರುವುದು 75 ಮಿಲಿಗ್ರಾಂ. ಕೃಶ ವೃದ್ಧೆಯಲ್ಲಿ ಮಿತಿಯ ಅಂಚಿನವರೆಗೆ ಹೋಗದಿರುವುದೇ ಲೇಸು.

ಮೊದಲು ಐ.ವಿ. ದಾರಿ, ಇಸಿಜಿ, ರಕ್ತದೊತ್ತಡ ಮತ್ತು ಆಮ್ಲಜನಕ ಮಾಪನ ಸಿದ್ಧವಿರಬೇಕು. ಮುರಿತ ಯಾವ ಬದಿಯದೆಂದು ಚುಚ್ಚುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ಸೊಂಟದ ಮುಂಭಾಗದ ಮೂಳೆಯ ತುದಿಯಿಂದ ಪ್ಯೂಬಿಕ್ ಗುಬುಟಿನವರೆಗೆ ಗೆರೆ ಎಳೆದು ಮೂರು ಸಮಭಾಗ ಮಾಡಿ, ಹೊರಗಿನ ಮತ್ತು ನಡುವಿನ ಭಾಗಗಳು ಸೇರುವಲ್ಲಿಂದ 1 ಸೆಂ.ಮೀ. ಕೆಳಗೆ ಗುರುತು ಹಾಕಬೇಕು. ಫೆಮೊರಲ್ ಅಪಧಮನಿಯ ಬಡಿತ ಒಳಬದಿಯಲ್ಲಿ ಸಿಗಬೇಕು. ಗುರುತಿನ ಕೆಳಗೇ ಸಿಕ್ಕರೆ ಗುರುತು ತಪ್ಪಿದೆ. ಚರ್ಮವನ್ನು ಶುಚಿಗೊಳಿಸಿ, ಮರಗಟ್ಟಿಸಿ, ಮೊಂಡು ತುದಿಯ ಸೂಜಿಯನ್ನು ನೇರವಾಗಿ ಇಳಿಸಿದರೆ ಫ್ಯಾಸಿಯಾ ಲೇಟಾ ಹಾಯುವಾಗ ಒಂದು, ಫ್ಯಾಸಿಯಾ ಇಲಿಯಾಕಾ ಹಾಯುವಾಗ ಇನ್ನೊಂದು "ಟಪ್" ಕೈಗೆ ತಿಳಿಯುತ್ತದೆ. ಚೂಪು ಸೂಜಿ ಎರಡನ್ನೂ ಸದ್ದಿಲ್ಲದೆ ಸೀಳಿಬಿಡುತ್ತದೆ. ಬಳಿಕ ಸೂಜಿಯನ್ನು ತುಸು ಓರೆಯಾಗಿಸಿ ತಲೆಯ ಕಡೆಗೆ ತಿರುಗಿಸಿ, ಪ್ರತಿ 5 ಮಿ.ಲೀ.ಗೊಮ್ಮೆ ಹಿಂದೆಳೆದು ರಕ್ತವಿಲ್ಲವೆಂದು ನೋಡುತ್ತ ನಿಧಾನವಾಗಿ ತಳ್ಳಬೇಕು. ತಡೆ ಹೆಚ್ಚಿದರೆ ತುದಿ ಸ್ನಾಯುವಿನೊಳಗಿರಬಹುದು. ತೀಕ್ಷ್ಣ ನೋವು ಕಾಲಿಗೆ ಹರಿದರೆ ನರವನ್ನು ಮುಟ್ಟಿದಂತೆ. ಎರಡರಲ್ಲೂ ನಿಲ್ಲಿಸಿ ಸೂಜಿಯನ್ನು ಹಿಂದೆ ಸರಿಸಬೇಕು. ಅಲ್ಟ್ರಾಸೌಂಡ್ ಇದ್ದರೆ ಅದನ್ನೇ ಬಳಸುವುದು ಮೇಲು, ಏಕೆಂದರೆ ದ್ರವವು ಪದರದ ಕೆಳಗೆ ಹರಡುವುದು ಕಣ್ಣಿಗೇ ಕಾಣುತ್ತದೆ.

20ರಿಂದ 30 ನಿಮಿಷದ ಬಳಿಕ ಸ್ಪಿರಿಟ್ ಹತ್ತಿಯನ್ನು ತೊಡೆಯ ಮುಂಭಾಗಕ್ಕೂ ಹೊರಬದಿಗೂ ತಾಗಿಸಿ, "ಆಯಿ, ತಣ್ಣಗ ಅನಸ್ತದೇನ್ರಿ?" ಎಂದು ಕೇಳಬೇಕು. ಅಂಕಿಗಳ ನೋವಿನ ಮಾಪಕಕ್ಕಿಂತ "ರೂಪಾಯಿದಾಗ ಎಷ್ಟಾಣೆ ಕಮ್ಮಿ ಆತ್ರಿ?" ಎಂಬ ಪ್ರಶ್ನೆಗೆ ನಮ್ಮ ಕಡೆಯ ಹಿರಿಯರು ಸರಾಗವಾಗಿ ಉತ್ತರಿಸುತ್ತಾರೆ, ಆದರೆ ಅದನ್ನು ಕಾಲನ್ನು ಮೆಲ್ಲನೆ ಅಲುಗಿಸಿದಾಗಲೇ ಕೇಳಬೇಕು. ಚರ್ಮ ಮರಗಟ್ಟಿದ್ದೂ ನೋವು ಉಳಿದಿದ್ದರೆ ಬ್ಲಾಕ್ ಪೂರ್ತಿ ವಿಫಲವಾಗಿದೆ ಎನ್ನಲಾಗದು. ಆಬ್ಟ್ಯುರೇಟರ್ ನರಕ್ಕೆ ಔಷಧ ತಲುಪುವುದು ಅನಿಶ್ಚಿತ, ಕೀಲಿನ ಹಿಂಭಾಗದ ನರಗಳಿಗಂತೂ ತಲುಪುವುದೇ ಇಲ್ಲ. ಆದ್ದರಿಂದ ಇದು ಶಸ್ತ್ರಚಿಕಿತ್ಸೆಗೆ ಸಾಲುವ ಅರಿವಳಿಕೆಯಲ್ಲ. ಬೆನ್ನಿಗೆ ಚುಚ್ಚಿ ಕೊಡುವ ಸ್ಪೈನಲ್ ಅರಿವಳಿಕೆಗಾಗಿ ರೋಗಿಯನ್ನು ಕೂರಿಸಲು ಅಥವಾ ಮಗ್ಗುಲಾಗಿಸಲು ಚೆನ್ನಾಗಿ ನೆರವಾಗುತ್ತದೆ.

ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಡುವಿಕೆ, ಹಠಾತ್ ಚಡಪಡಿಕೆ ಅಥವಾ ಸೆಳವು ಕಂಡರೆ ಔಷಧ ರಕ್ತಕ್ಕೆ ಸೇರಿ ವಿಷವಾಗುತ್ತಿದೆಯೆಂದೇ ತಿಳಿಯಬೇಕು. ಚುಚ್ಚುವುದನ್ನು ನಿಲ್ಲಿಸಿ, ಆಮ್ಲಜನಕ ಕೊಟ್ಟು, ಸೆಳವನ್ನು ತಡೆದು, ಶೇ 20ರ ಲಿಪಿಡ್ ಎಮಲ್ಷನ್ ಅನ್ನು ಕಿಲೊಗೆ 1.5 ಮಿ.ಲೀ.ನಂತೆ, ಇವರಿಗೆ ಸುಮಾರು 68 ಮಿ.ಲೀ., ಕೊಡಬೇಕು. ಅದು ಬೀರುವಿನಲ್ಲಿದೆಯೇ ಎಂದು ನೋಡುವ ಸಮಯ ಬ್ಲಾಕ್‌ಗೆ ಮುಂಚಿನದು.

ಪರಿಣಾಮವು ಸಾಮಾನ್ಯವಾಗಿ 8ರಿಂದ 12 ಗಂಟೆ ಇರುತ್ತದೆ. ತೊಡೆಯ ಮುಂಭಾಗದ ಸ್ನಾಯು ಅಷ್ಟು ಹೊತ್ತು ದುರ್ಬಲವಾಗಿರುವುದರಿಂದ, ಶಸ್ತ್ರಚಿಕಿತ್ಸೆಯ ನಂತರ ಬಲ ಪರೀಕ್ಷಿಸದೆ ರೋಗಿಯನ್ನು ನಿಲ್ಲಿಸಬಾರದು. ಪ್ಯಾರಾಸಿಟಮಾಲ್ ಅನ್ನು ತೂಕಕ್ಕೆ ತಕ್ಕಂತೆ ನಿಗದಿತ ಹೊತ್ತಿಗೆ ಕೊಡುತ್ತಲೇ ಇರಬೇಕು. ಬ್ಲಾಕ್ ಮಾಡಿದ ಸಮಯ, ಬದಿ ಮತ್ತು ಪ್ರಮಾಣವನ್ನು ಚಾರ್ಟಿನಲ್ಲಿ ಬರೆದಿಟ್ಟರೆ, ರಾತ್ರಿ ಪಾಳಿಯವರಿಗೆ ನೋವು ಯಾವಾಗ ಮರಳಬಹುದೆಂಬುದೂ, ಶಸ್ತ್ರಚಿಕಿತ್ಸಕರಿಗೆ ಗಾಯದ ಸುತ್ತ ಇನ್ನೆಷ್ಟು ಮರಗಟ್ಟಿಸುವ ಔಷಧ ಹಾಕಬಹುದೆಂಬುದೂ ತಿಳಿಯುತ್ತದೆ.