ಸ್ಪಾನ್ಸರ್ ಪತ್ರ: ಕಂಪನಿಗೆ ಏನು ಸಿಗುತ್ತದೆ ಅಂತ ಬರೆಯುವುದು ಹೇಗೆ?

ಟೆಕ್ ಫೆಸ್ಟ್‌ಗೆ ಸ್ಪಾನ್ಸರ್ ಕೇಳುವಾಗ ನಾವೆಲ್ಲ ಬರೆಯುವ ಸಾಲು ಒಂದೇ: "ನಿಮ್ಮ ಲೋಗೋವನ್ನು ಬ್ಯಾನರ್ ಮೇಲೆ ಹಾಕುತ್ತೇವೆ." ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿಗೆ ನಾನೂ ಹಾಗೇ ಬರೆದುಕೊಂಡು ಹೋಗಿದ್ದೆ. ಮಾಲೀಕರು ಓದಿ ಕೇಳಿದರು: "ನಾವು ಮಾಡೋದು ಪಂಪಿನ ಬಾಡಿ. ನಿಮ್ಮ ಹುಡುಗರು ಅದನ್ನ ತಗೋತಾರೇನು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಬೈಕ್ ಶೋರೂಮ್‌ಗೆ, ಕೋಚಿಂಗ್ ಸೆಂಟರ್‌ಗೆ ನಾವೇ ಗಿರಾಕಿಗಳು, ಅಲ್ಲಿ ಬ್ಯಾನರ್ ಸಾಕು. ಫೌಂಡ್ರಿಯ ಗಿರಾಕಿ ಇನ್ನೊಂದು ಕಂಪನಿ. ಹಾಗಾದರೆ ನಮ್ಮಿಂದ ಅವರಿಗೆ ಏನು ಬೇಕು? ಅದನ್ನು ತಿಳಿಯಲು ಪತ್ರಕ್ಕೆ ಮೊದಲು ಒಮ್ಮೆ ಹೋಗಿ ಮಾತಾಡಬೇಕು.

ನಮಗೆ ಸಿಕ್ಕ ಉತ್ತರ ಬ್ಲೋಹೋಲ್. ಎರಕದ ಒಳಗೆ ಗಾಳಿ ಸಿಕ್ಕಿ ಆಗುವ ತೂತು ಇದು. ಮೇಲೆ ನೋಡಿದರೆ ಕಾಣುವುದಿಲ್ಲ, ಮಷೀನಿಂಗ್ ಮಾಡಿದ ಮೇಲೆ ಬಾಯಿ ತೆರೆಯುತ್ತದೆ. ಆಗ ಎರಕದ ಜೊತೆ ಮಷೀನಿಂಗ್ ಖರ್ಚೂ ಹೋಯಿತು. ಎರಡನೇ ಪತ್ರದ ಮುಖ್ಯ ಭಾಗವನ್ನು ಇದರ ಮೇಲೆಯೇ ಬರೆದೆವು:

"ಮಾನ್ಯರೇ, ನಮ್ಮ ಹ್ಯಾಕಥಾನ್‌ನ ಒಂದು ವಿಭಾಗವನ್ನು ನಿಮ್ಮ ಕಂಪನಿಯ ಹೆಸರಿನಲ್ಲಿ ನಡೆಸಲು ₹25,000 ಪ್ರಾಯೋಜಕತ್ವ ಕೋರುತ್ತೇವೆ. ಇದರಲ್ಲಿ ₹15,000 ಬಹುಮಾನಕ್ಕೆ, ₹10,000 ಕ್ಯಾಮೆರಾ ಮತ್ತು ಬಿಡಿಭಾಗಗಳಿಗೆ. ಮಷೀನಿಂಗ್ ಆದ ಭಾಗದ ಮೇಲ್ಮೈಯಲ್ಲಿ ಬ್ಲೋಹೋಲ್ ಗುರುತಿಸುವ ಸಾಧನವನ್ನು ತಂಡಗಳು ತಯಾರಿಸುತ್ತವೆ. ತೀರ್ಪುಗಾರರಲ್ಲಿ ಒಬ್ಬರು ನಿಮ್ಮ ಎಂಜಿನಿಯರ್ ಆಗಿರಲಿ. ಒಪ್ಪಿಗೆ ಕೊಟ್ಟ ಅಂತಿಮ ವರ್ಷದ ವಿದ್ಯಾರ್ಥಿಗಳ ರೆಸ್ಯೂಮೆಯನ್ನು ನಿಮಗೆ ತಲುಪಿಸುತ್ತೇವೆ."

"ಮೇಲ್ಮೈಯಲ್ಲಿ" ಅನ್ನುವ ಪದವನ್ನು ಗಮನಿಸಿ. ಕ್ಯಾಮೆರಾಗೆ ಒಳಗಿನ ತೂತು ಕಾಣುವುದಿಲ್ಲ. ಅದನ್ನು ಬಿಟ್ಟು ಸುಮ್ನೆ "ಬ್ಲೋಹೋಲ್ ಪತ್ತೆ" ಅಂತ ಬರೆದಿದ್ದರೆ, ಆಗದ ಮಾತು ಕೊಟ್ಟ ಹಾಗೆ ಆಗುತ್ತಿತ್ತು. ಫೌಂಡ್ರಿಯವರಿಗೆ ಅದು ಓದಿದ ತಕ್ಷಣ ಗೊತ್ತಾಗುತ್ತದೆ. ರೆಸ್ಯೂಮೆ ವಿಷಯವನ್ನೂ ಪ್ಲೇಸ್‌ಮೆಂಟ್ ಆಫೀಸರ್ ಒಪ್ಪಿದ ಮೇಲೆಯೇ ಬರೆಯಿರಿ. ಡ್ರಾಯಿಂಗ್ ಕೇಳಲು ಹೋಗಬೇಡಿ, ಅದು ಅವರ ಗಿರಾಕಿಯದಾಗಿರಬಹುದು. ರಿಜೆಕ್ಟ್ ಆದ ನಾಲ್ಕೈದು ತುಂಡು ಕೇಳಿದರೆ ಸಾಕು.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ: "ಇದನ್ನು ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸಬಹುದು" ಅಂತ ಬರೆಯುವುದು. ಸಿಎಸ್‌ಆರ್ ಅಂದರೆ ಕಂಪನಿ ತನ್ನ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು. ತಮ್ಮ ಉತ್ಪನ್ನದ ಪ್ರಚಾರದ ಲಾಭಕ್ಕಾಗಿ ಕಂಪನಿ ಕೊಡುವ ಸ್ಪಾನ್ಸರ್ ಹಣ ಸಿಎಸ್‌ಆರ್ ಅಲ್ಲ ಅಂತ 2021ರಲ್ಲಿ ತಿದ್ದುಪಡಿಯಾದ ನಿಯಮಗಳೇ ಹೇಳುತ್ತವೆ. ಸಿಎಸ್‌ಆರ್ ಕಡ್ಡಾಯ ಇರುವುದೂ ದೊಡ್ಡ ಕಂಪನಿಗಳಿಗೆ. ಹಿಂದಿನ ವರ್ಷದ ನಿವ್ವಳ ಲಾಭ ₹5 ಕೋಟಿ ಮುಟ್ಟಿರಬೇಕು, ಇಲ್ಲವೇ ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಆಸ್ತಿ ₹500 ಕೋಟಿ ಇರಬೇಕು. ಸಣ್ಣ ಫೌಂಡ್ರಿಗೆ ಆ ಮಾತೇ ಬೇಡ.

ಚೆಕ್ ಕಾಲೇಜಿನ ಹೆಸರಿಗೇ ಇರಲಿ, ರಸೀದಿ ಯಾರು ಕೊಡುತ್ತಾರೆ ಅನ್ನುವುದನ್ನೂ ಬರೆಯಿರಿ. ಪತ್ರದ ಕೊನೆಗೆ ಪ್ರಾಂಶುಪಾಲರ ಸಹಿ, ಸೀಲು, ಮತ್ತು ಉತ್ತರ ಬೇಕಾದ ದಿನಾಂಕ. ಪೋಸ್ಟರ್ ಪ್ರಿಂಟ್‌ಗೆ ಹೋಗುವ ಹತ್ತು ದಿನ ಮೊದಲಿನ ದಿನಾಂಕ ಕೊಡಿ.