ಹಾಳೆ ಓದಿದ ಹೊಸಬ ಸರಿಯಾದ ಪೀಸ್ ತೆಗೆಯಬಲ್ಲನೇ?

ಬೆಂಗಳೂರಿನ ಪೀಣ್ಯದಂಥ ಕಡೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳ ಶಾಪ್‌ಗಳಲ್ಲಿ ಮೆಷಿನ್ ಪಕ್ಕ ಸಾಮಾನ್ಯವಾಗಿ ಪ್ಲಾಸ್ಟಿಕ್ ಕವರ್ ಹಾಕಿದ ಒಂದು ಹಾಳೆ ತೂಗುತ್ತಿರುತ್ತದೆ. ಶಿಫ್ಟ್ ಶುರುವಾದಾಗ ಏನೇನು ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಎಣ್ಣೆ ಮಟ್ಟ ನೋಡಿ, ಕೂಲೆಂಟ್ ನೋಡಿ, ಗಾಳಿಯ ಒತ್ತಡ ನೋಡಿ, ಮೊದಲ ಪೀಸ್ ಅಳೆಯಿರಿ, ಅಗತ್ಯವಿದ್ದರೆ ಆಫ್‌ಸೆಟ್ ಸರಿಪಡಿಸಿ. ಆಡಿಟ್‌ಗೆ ಬಂದವರು ಹಾಳೆ ಇದೆಯಾ, ಸಹಿ ಬಿದ್ದಿದೆಯಾ ಅಂತ ನೋಡುತ್ತಾರೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗ ಅದನ್ನಷ್ಟೇ ಓದಿ ಒಳ್ಳೆಯ ಪೀಸ್ ತೆಗೆಯುತ್ತಾನಾ ಅನ್ನೋದು ಬೇರೆಯೇ ಪ್ರಶ್ನೆ.

ಹಳಬರಿಗೆ ಓದಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಹತ್ತು ವರ್ಷ ಮೆಷಿನ್ ಓಡಿಸಿದ ಸೆಟ್ಟರ್ ಹಾಳೆಯಲ್ಲಿ ಇಲ್ಲದ್ದನ್ನೂ ತನ್ನ ತಲೆಯಿಂದ ತುಂಬಿಕೊಂಡು ಓದುತ್ತಾನೆ. ‘ಎಲ್ಲ ಸರಿ ಇದೆ ಸರ್’ ಅಂತ ಅವನು ಹೇಳುವುದು ಸುಳ್ಳಲ್ಲ, ಅವನ ಮಟ್ಟಿಗೆ ಎಲ್ಲವೂ ಸರಿಯೇ ಇದೆ. ಹಾಳೆಯಲ್ಲಿ ಎಲ್ಲೆಲ್ಲಿ ‘ಅಗತ್ಯವಿದ್ದರೆ’, ‘ಸಾಕಷ್ಟು’, ‘ಸರಿಯಾಗಿ’ ಅಂತ ಇದೆಯೋ ಅಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಬಹುದು. ಅಷ್ಟು ಕೆಲಸ ಕುರ್ಚಿಯಲ್ಲಿ ಕೂತೇ ಆಗುತ್ತದೆ. ಉಳಿದದ್ದಕ್ಕೆ ಹೊಸಬನೇ ಬೇಕು.

ಮೇಲಿನ ಹಾಳೆಯ ಕೊನೆಯ ಸಾಲನ್ನೇ ತೆಗೆದುಕೊಳ್ಳೋಣ: ‘ಆಫ್‌ಸೆಟ್ ಸರಿಪಡಿಸಿ.’ ಆಫ್‌ಸೆಟ್ ಅಂದರೆ ಟೂಲ್ ಎಷ್ಟು ಸರಿಯಬೇಕು ಅಂತ ಮೆಷಿನ್‌ಗೆ ಕೊಡುವ ತಿದ್ದುಪಡಿ ಸಂಖ್ಯೆ. ಲೇತ್‌ನಲ್ಲಿ ಒಂದು ಸ್ಟೀಲ್ ಪಿನ್ ತಯಾರಾಗುತ್ತಿದೆ. ಅದರ ಹೊರ ವ್ಯಾಸ 25.00 ಮಿ.ಮೀ. ಇರಬೇಕು, 0.02 ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ಕತ್ತರಿಸುವ ಇನ್ಸರ್ಟ್‌ನ ತುದಿ ಸವೆದಂತೆ ಪಿನ್‌ನ ವ್ಯಾಸ ಸ್ವಲ್ಪ ಸ್ವಲ್ಪವೇ ಜಾಸ್ತಿ ಆಗುತ್ತದೆ. ಅದಕ್ಕೇ ಆಪರೇಟರ್ ಆಗಾಗ ಸ್ಕ್ರೀನ್‌ನಲ್ಲಿ ಸವೆತಕ್ಕೆಂದೇ ಇರುವ ವೇರ್ ಆಫ್‌ಸೆಟ್ ಪುಟದಲ್ಲಿ ಒಂದು ಚಿಕ್ಕ ಮೈನಸ್ ಸಂಖ್ಯೆ ಸೇರಿಸಿ ಟೂಲನ್ನು ಪೀಸ್‌ನ ಕಡೆಗೆ ತರುತ್ತಾನೆ. ರಾತ್ರಿ ಪಾಳಿಯವನು ಹೀಗೆ ಸೇರಿಸುತ್ತಾ ಹೋಗಿ ಬೆಳಿಗ್ಗೆ ಹೊತ್ತಿಗೆ ಅಲ್ಲಿ -0.100 ಇದೆ ಅಂದುಕೊಳ್ಳಿ. ಬೆಳಗಿನ ಪಾಳಿಯ ಹೊಸಬ ಮೊದಲ ಪೀಸ್ ಅಳೆದ. 25.04 ಬಂತು. 0.04 ಜಾಸ್ತಿ ಇದೆ, ಇಳಿಸಬೇಕು. ಇಲ್ಲಿವರೆಗೆ ಅವನ ಲೆಕ್ಕ ಸರಿ.

ಈಗ ಅವನು `-0.04` ಅಂತ ಟೈಪ್ ಮಾಡುತ್ತಾನೆ. ಫ್ಯಾನಕ್ ಕಂಪನಿಯ ಕಂಟ್ರೋಲ್ ಇರುವ ಮೆಷಿನ್ ಆದರೆ ಸ್ಕ್ರೀನ್ ಕೆಳಗೆ ಎರಡು ಆಯ್ಕೆ ಕಾಣುತ್ತವೆ, `INPUT` ಮತ್ತು `+INPUT`. ಮೊದಲನೆಯದು ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಎರಡನೆಯದು ಹಳೆಯದಕ್ಕೆ ಹೊಸದನ್ನು ಕೂಡಿಸುತ್ತದೆ. ಬೇಕಾದದ್ದು ಎರಡನೆಯದು, ಆಗ -0.100 ಹೋಗಿ -0.140 ಆಗುತ್ತದೆ. ಆದರೆ ಹಾಳೆಯಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ಹುಡುಗ ಸಹಜವಾಗಿ `INPUT` ಒತ್ತುತ್ತಾನೆ. ಆಫ್‌ಸೆಟ್ -0.040 ಆಗುತ್ತದೆ, ಟೂಲ್ ಹತ್ತಿರ ಬರುವ ಬದಲು ಹಿಂದೆ ಸರಿಯುತ್ತದೆ. ಮುಂದಿನ ಪೀಸ್ 25.10 ಬರುತ್ತದೆ.

ಇಳಿಸಲು ಹೋದರೆ ಏರಿತಲ್ಲ ಅಂತ ಗಾಬರಿಯಾಗಿ ಅವನು ಮತ್ತೆ ಹಾಳೆ ನೋಡುತ್ತಾನೆ. ಹಾಳೆ ಅದನ್ನೇ ಹೇಳುತ್ತದೆ. 0.10 ಜಾಸ್ತಿ ಇದೆ, ಸರಿ, `-0.10` ಹಾಕಿ ಮತ್ತೆ `INPUT`. ಈಗ ಆಫ್‌ಸೆಟ್ ಮೊದಲಿದ್ದ ಜಾಗಕ್ಕೇ ಬಂತು. ಮೂರನೇ ಪೀಸ್ ಪುನಃ 25.04! ಅಳತೆ ಹೀಗೆ ಎರಡು ಸಂಖ್ಯೆಗಳ ನಡುವೆ ಓಲಾಡುತ್ತಿದ್ದರೆ ಮೆಷಿನ್ ಕೆಟ್ಟಿದೆ ಅಂತ ಮೆಂಟೆನೆನ್ಸ್‌ನವರನ್ನು ಕರೆಯುವ ಮುಂಚೆ ಯಾವ ಬಟನ್ ಒತ್ತುತ್ತಿದ್ದಾನೆ ಅಂತ ಒಮ್ಮೆ ನೋಡಿ.

ಇದನ್ನು ಮೊದಲೇ ಹಿಡಿಯುವ ಪರೀಕ್ಷೆ ಕೇಳಲು ಸುಲಭ. ಹೊಸಬನ ಕೈಗೆ ಹಾಳೆ ಕೊಡಬೇಕು, ಮೆಷಿನ್ ಮುಂದೆ ನಿಲ್ಲಿಸಬೇಕು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡು ಅನ್ನಬೇಕು. ನೋಡುವವನು ಸುಮ್ನೆ ನಿಂತು ಬರೆದುಕೊಳ್ಳಬೇಕು. ಸುಮ್ಮನಿರುವುದೇ ಕಷ್ಟ. ಹುಡುಗ ತಡವರಿಸಿದರೆ ಸೂಪರ್‌ವೈಸರ್‌ನ ಕಣ್ಣು ತಾನಾಗಿ ಸರಿಯಾದ ಬಟನ್ ಕಡೆ ಹೋಗುತ್ತದೆ, ಹುಡುಗ ಆ ಕಣ್ಣನ್ನು ಓದಿಬಿಡುತ್ತಾನೆ. ಆದ್ದರಿಂದ ನೋಡುವವನು ಅವನ ಹಿಂದೆ ನಿಲ್ಲುವುದು ಒಳ್ಳೆಯದು. ಅಪಾಯ ಕಂಡರೆ ಮಾತ್ರ ಎಮರ್ಜೆನ್ಸಿ ಬಟನ್ ಒತ್ತಲು ಇನ್ನೊಬ್ಬ ಪಕ್ಕದಲ್ಲಿರಬೇಕು. ಅವನು ಕೈ ಹಾಕಿದರೆ ಆ ಹೆಜ್ಜೆಯಲ್ಲಿ ಹಾಳೆ ಫೇಲ್.

ಬರೆದುಕೊಳ್ಳುವಾಗ ಹುಡುಗ ಎಲ್ಲಿ ನಿಂತ, ಏನು ಕೇಳಿದ ಅನ್ನೋದಕ್ಕಿಂತ ಎಲ್ಲಿ ಅನುಮಾನವೇ ಇಲ್ಲದೆ ತಪ್ಪು ಮಾಡಿದ ಅನ್ನೋದು ಮುಖ್ಯ. ನಿಂತವನು ಕೆಲಸದ ದಿನವೂ ನಿಂತು ಯಾರನ್ನಾದರೂ ಕೇಳುತ್ತಾನೆ. `INPUT` ಒತ್ತಿದವನು ಯಾರನ್ನೂ ಕೇಳಲಿಲ್ಲ, ಅಲ್ವಾ?

ಈ ಪರೀಕ್ಷೆಯೇ ಮೋಸ ಮಾಡುವುದೂ ಉಂಟು. ಪರೀಕ್ಷೆ ಅಂದ ತಕ್ಷಣ ಎಲ್ಲರೂ ಮೆಷಿನ್ ತೊಳೆದು, ಹೊಸ ಇನ್ಸರ್ಟ್ ಹಾಕಿ ಸಿದ್ಧ ಮಾಡುತ್ತಾರೆ. ಹೊಸ ಇನ್ಸರ್ಟ್ ಹಾಕಿದಾಗ ವೇರ್ ಆಫ್‌ಸೆಟ್ ಸೊನ್ನೆ ಮಾಡುವುದು ರೂಢಿ. ಸೊನ್ನೆ ಇದ್ದಾಗ `INPUT` ಒತ್ತಿದರೂ `+INPUT` ಒತ್ತಿದರೂ ಫಲ ಒಂದೇ, -0.040. ಹುಡುಗ ತಪ್ಪು ಬಟನ್ ಒತ್ತುತ್ತಾನೆ, ಪೀಸ್ ಸರಿಯಾಗೇ ಬರುತ್ತದೆ, ಹಾಳೆ ಪಾಸ್. ತಪ್ಪು ಬಯಲಿಗೆ ಬರುವುದು ಆಫ್‌ಸೆಟ್‌ನಲ್ಲಿ ಮೊದಲೇ ಸಂಖ್ಯೆ ಇರುವ, ಇನ್ನೊಬ್ಬರು ಬಿಟ್ಟುಹೋದಂಥ ಮೆಷಿನ್‌ನಲ್ಲಿ ಮಾತ್ರ. ಹಾಗಾಗಿ ಹಾಳೆ ಪರೀಕ್ಷಿಸುವವರು ಹೊಸಬನನ್ನು ಆರಿಸುವಷ್ಟೇ ಜಾಗ್ರತೆಯಿಂದ ಮೆಷಿನ್ ಯಾವ ಸ್ಥಿತಿಯಲ್ಲಿರಬೇಕು ಅಂತಲೂ ಆರಿಸಬೇಕು. ಆಫ್‌ಸೆಟ್ ಅರ್ಧ ದಾರಿ ಬಂದಿರಲಿ, ಕೂಲೆಂಟ್ ಗುರುತಿಗಿಂತ ಕೆಳಗಿರಲಿ, ಗಾಳಿಯ ಒತ್ತಡ ಬೇಕಂತಲೇ ಕಡಿಮೆ ಇರಲಿ. ಎಲ್ಲ ಸರಿ ಇರುವ ಮೆಷಿನ್‌ನಲ್ಲಿ ‘ನೋಡಿ’ ಎಂಬ ಹೆಜ್ಜೆ ಯಾವತ್ತೂ ಫೇಲ್ ಆಗುವುದಿಲ್ಲ.

ಎಷ್ಟು ಜನರ ಮೇಲೆ ಪರೀಕ್ಷಿಸಬೇಕು? ಹೊಸಬರು ಹೆಚ್ಚು ಸಿಗುವುದಿಲ್ಲ, ಒಬ್ಬನನ್ನು ಒಂದೇ ಸಲ ಬಳಸಬಹುದು, ಎರಡನೇ ಸಲಕ್ಕೆ ಅವನು ಹೊಸಬನಲ್ಲ. ಒಂದು ಹೆಜ್ಜೆಯಲ್ಲಿ ಮೂವರಲ್ಲಿ ಒಬ್ಬರು ಎಡವುತ್ತಾರೆ ಅಂತಿಟ್ಟುಕೊಳ್ಳಿ. ಮೂವರನ್ನು ಪರೀಕ್ಷಿಸಿದಾಗ ಮೂವರೂ ಪಾಸಾಗುವ ಸಾಧ್ಯತೆ 2/3 ಅನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ. 30. ಮೂವರು ಪಾಸಾದರು ಅಂತ ಆ ಹಾಳೆಯನ್ನು ನಂಬುವುದು ದುಡುಕು. ಆದರೆ ಒಬ್ಬ ಎಡವಿದರೂ ಸಾಕು, ಅಲ್ಲೇ ನಿಲ್ಲಿಸಿ ಆ ಸಾಲು ತಿದ್ದಿ, ತಿದ್ದಿದ್ದನ್ನು ಮುಂದಿನವನಿಗೆ ಕೊಡಬೇಕು. ಉಳಿದಿಬ್ಬರನ್ನು ತಪ್ಪು ಹಾಳೆಯ ಮೇಲೆ ಖರ್ಚು ಮಾಡಬಾರದು.

ತಿದ್ದುವುದಕ್ಕೆ ಹಳೆಯ ಒಂದು ದಾರಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರು ಗುಂಪುಗುಂಪಾಗಿ ಸೇರಿದಾಗ ಅಲ್ಲಿನ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂದರೆ ಟಿಡಬ್ಲ್ಯುಐ ಎಂಬ ತರಬೇತಿ ಯೋಜನೆಯವರು ಹಾಳೆಯನ್ನು ಎರಡು ಕಾಲಂ ಮಾಡಿದರು. ಒಂದರಲ್ಲಿ ಹೆಜ್ಜೆ, ಇನ್ನೊಂದರಲ್ಲಿ ಆ ಹೆಜ್ಜೆಯನ್ನು ಕೆಡಿಸುವ ಇಲ್ಲವೇ ಕಾಪಾಡುವ ಅಂಶ. ನಮ್ಮ ಸಾಲಿಗೆ ಅದನ್ನು ಅನ್ವಯಿಸಿದರೆ ಹೀಗಾಗುತ್ತದೆ: ವೇರ್ ಆಫ್‌ಸೆಟ್ ಪುಟದಲ್ಲಿ ವ್ಯಾಸಕ್ಕೆ ಸೇರಿದ X ಕಾಲಂನಲ್ಲಿ ಈಗ ಇರುವ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ಬರೆಯಿರಿ. 25.00ರಿಂದ ಅಳತೆ ಕಳೆಯಿರಿ, ಬಂದದ್ದನ್ನು ಮೈನಸ್ ಇದ್ದರೆ ಮೈನಸ್ ಸಮೇತ ಟೈಪ್ ಮಾಡಿ `+INPUT` ಒತ್ತಿರಿ. ಕಾರ್ಡಿನ ಸಂಖ್ಯೆಗೆ ಇದನ್ನು ಕೂಡಿಸಿದರೆ ಬರುವುದೇ ಸ್ಕ್ರೀನ್‌ನಲ್ಲೂ ಇದೆಯೇ ನೋಡಿರಿ. 25.00ಕ್ಕೂ ಅಳತೆಗೂ ವ್ಯತ್ಯಾಸ ಇಷ್ಟಕ್ಕಿಂತ ಜಾಸ್ತಿ ಇದ್ದರೆ `+INPUT` ಒತ್ತಬೇಡಿ, ಸೆಟ್ಟರ್‌ನನ್ನು ಕರೆಯಿರಿ. ಆ ‘ಇಷ್ಟು’ ಎಷ್ಟು ಅಂತ ಆಯಾ ಪೀಸ್ ನೋಡಿ ಸೆಟ್ಟರ್ ಬರೆದಿರಬೇಕು.

‘ಒತ್ತಬೇಡಿ, ಸೆಟ್ಟರ್‌ನನ್ನು ಕರೆಯಿರಿ’ ಎಂಬ ಆ ವಾಕ್ಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮೈಕ್ರೋಮೀಟರ್‌ನ ಸ್ಲೀವ್ ಮೇಲಿನ ಅರ್ಧ ಮಿಲಿಮೀಟರ್ ಗೆರೆ ತಪ್ಪಿ ಓದಿದರೆ 25.04 ಇರುವುದು 25.54 ಅನ್ನಿಸುತ್ತದೆ. ಅದು ಹೊಸಬರು ಮಾಡುವ ಮಾಮೂಲಿ ತಪ್ಪು. ಯಾವ ಹಾಳೆಯೂ ಒಂದೇ ಬೆಳಿಗ್ಗೆಯಲ್ಲಿ ಮೈಕ್ರೋಮೀಟರ್ ಓದಲು ಕಲಿಸಲಾರದು, ಅದಕ್ಕೆ ಕೈ ಪಳಗಬೇಕು. ಹಾಳೆ ಮಾಡಬಹುದಾದದ್ದು ಆ ಅರ್ಧ ಮಿಲಿಮೀಟರ್ ಮೆಷಿನ್‌ಗೆ ಹೋಗದಂತೆ ತಡೆಯುವುದು. ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಆಫ್‌ಸೆಟ್ ಹಾಕಲು ಬಿಡದಂತೆ ಕಂಟ್ರೋಲ್‌ನಲ್ಲೇ ಮಿತಿ ಇಡುವ ಅವಕಾಶವೂ ಇದೆ. ಅದನ್ನು ಇಟ್ಟ ಮೇಲೂ ಹೊಸಬನಿಗೆ ಒಮ್ಮೆ ಬೇಕಂತಲೇ 25.54 ಎಂಬ ಅಳತೆ ಕೊಟ್ಟು, ಸ್ಕ್ರೀನ್ ಅದನ್ನು ಒಪ್ಪದಿದ್ದಾಗ ಅವನು ಸೆಟ್ಟರ್‌ನನ್ನು ಕರೆಯುತ್ತಾನೋ ಇಲ್ಲ ಅದನ್ನೇ ಎರಡು ಮೂರು ಸಲಕ್ಕೆ ಹಂಚಿ ಹಾಕುತ್ತಾನೋ ಅಂತ ನೋಡಬೇಕು.